ದುಡ್ಡು ಕಟ್ಟಿದರೂ ಬಾರದ ಟೀವಿ

ಕಳೆದ ಅಕ್ಟೋಬರ್ ತಿಂಗಳ ಒಂದು ಸಂಜೆ ಶಾಲೆಯಿಂದ ಮರಳುತ್ತಿದ್ದ ನಮ್ಮನ್ನು ನೆರೆಮನೆಯ ಅಜ್ಜಿ ಅಂಗಳದಿಂದಲೇ ಕರೆದರು. "ಮಾಷ್ಟ್ರೇ, ಒಮ್ಮೆ ಬಂದು ನೋಡಿ. ಎರಡು ಸಲ ದುಡ್ಡು ಕಟ್ಟಿ ಆಯಿತು. ಟೀವಿ ಮಾತ್ರ ಬರುವುದಿಲ್ಲ. ಆರುನೂರು ರೂಪಾಯಿ ನೀರಿಗೆ ಹಾಕಿದ ಹಾಗಾಯಿತಲ್ಲ!"

ನಡೆದದ್ದು ಇಷ್ಟು. 8ನೇ ತಾರೀಕಿನ ರಾತ್ರಿ ಟೀವಿಯ ಚಿತ್ರ ನಿಂತು, ರೀಚಾರ್ಜ್ ಮಾಡಿರೆಂಬ ಬರಹ ಪರದೆಯಲ್ಲಿ ಮೂಡಿತು. ಅಜ್ಜಿ ಮಂಗಳೂರಿನಲ್ಲಿರುವ ಮೊಮ್ಮಗನಿಗೆ ಫೋನ್ ಮಾಡಿದರು. ಆತ ಅಲ್ಲಿಂದಲೇ 300 ರೂಪಾಯಿ ಕಟ್ಟಿದ. ಅಷ್ಟರಲ್ಲಿ ಗುಡುಗು ಮಿಂಚು ತೊಡಗಿತು. ಸಿಡಿಲಿನ ಭಯಕ್ಕೆ ಅಜ್ಜಿ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಟ್ಟು ಮಲಗಿದರು. ಮರುದಿನ ಟೀವಿ ಹಾಕಿದರೆ ಅದೇ ಬರಹ. ಐದು ನಿಮಿಷ ನೋಡಿ, ಮೊಮ್ಮಗ ಕಟ್ಟಿದ ದುಡ್ಡು ಸಂದಿಲ್ಲವೆಂದು ತಿಳಿದು, ಟೀವಿ ಆರಿಸಿ ಪೇಟೆಯ ಅಂಗಡಿಗೆ ಹೋಗಿ ಮತ್ತೆ 300 ರೂಪಾಯಿ ಕಟ್ಟಿ ಬಂದರು. ಆದರೂ ಟೀವಿ ಬರಲಿಲ್ಲ.

ಇದು ಅಜ್ಜಿಯೊಬ್ಬರ ಕಥೆಯಲ್ಲ. ಡಿ.ಟಿ.ಎಚ್. ಇರುವ ಎಷ್ಟೋ ಮನೆಗಳಲ್ಲಿ ಹೀಗಾಗುತ್ತದೆ. ಇದರ ಕಾರಣವನ್ನು ತಿಳಿದುಕೊಂಡರೆ ಎರಡನೆಯ ಸಲ ದುಡ್ಡು ಕಟ್ಟುವ ಪ್ರಮೇಯ ಬಾರದು.

ನಮ್ಮ ಮಾಡಿನ ಮೇಲಿರುವ ತಟ್ಟೆ ಕೇಳಬಲ್ಲುದೇ ಹೊರತು ಮಾತಾಡಲಾರದು. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ಬಂದುದನ್ನು ಅದು ಪೆಟ್ಟಿಗೆಗೆ ಒಪ್ಪಿಸುತ್ತದೆ. ಪೆಟ್ಟಿಗೆಯಿಂದ ಕಂಪನಿಗೆ ಏನೂ ಹೋಗುವುದಿಲ್ಲ. ಆದುದರಿಂದ ನಾವು ದುಡ್ಡು ಕಟ್ಟಿದ ಸಂಗತಿ ಪೆಟ್ಟಿಗೆಗೆ ತಾನಾಗಿ ತಿಳಿಯದು. ದುಡ್ಡು ಜಮೆಯಾದ ಮೇಲೆ ಕಂಪನಿಯು "ಇಂಥ ನಂಬ್ರದ ಪೆಟ್ಟಿಗೆಗೆ ಚಾನೆಲ್ ತೆರೆಯಲಿ" ಎಂಬ ಆದೇಶವನ್ನು ಉಪಗ್ರಹದ ಮೂಲಕ ಇಳಿಸುತ್ತದೆ. ಆ ಹೊತ್ತಿಗೆ ಪೆಟ್ಟಿಗೆಗೆ ಕರೆಂಟು ಇರಬೇಕು, ತಟ್ಟೆಗೆ ಸಿಗ್ನಲ್ ಇರಬೇಕು. ಪ್ಲಗ್ ಕಿತ್ತಿದ್ದರೆ ಆದೇಶ ಬಂದದ್ದೇ ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಅಂಚೆಯವನು ಬಂದು ಹೋದಂತೆ.

ಪರದೆಯಲ್ಲಿ ಕಾಣುವ ಲೆಕ್ಕವೂ ಹೀಗೆಯೇ. ರಿಮೋಟಿನ Menu ಒತ್ತಿ My Account ಎಂಬಲ್ಲಿಗೆ ಹೋದರೆ ಚಂದಾದಾರರ ನಂಬ್ರ, ಕಾರ್ಡಿನ ನಂಬ್ರ, ಬಾಕಿ ಹಣ, ಮುಂದೆ ಕಟ್ಟಬೇಕಾದ ತಾರೀಕು ಇವೆಲ್ಲ ಸಾಮಾನ್ಯವಾಗಿ ದೊರೆಯುತ್ತವೆ. ಆದರೆ ಇಂಟರ್‌ನೆಟ್ ಜೋಡಿಸದ ಪೆಟ್ಟಿಗೆಯಲ್ಲಿ ಆ ಬಾಕಿ ಹಿಂದಿನ ಸಲ ಆಕಾಶದಿಂದ ಇಳಿದು ಬಂದ ಲೆಕ್ಕ. ಫೋನಿನ ಆಪ್‌ನಲ್ಲಿ ಕಾಣುವುದಾದರೋ ಕಂಪನಿಯ ಖಾತೆಪುಸ್ತಕದಲ್ಲಿ ಈಗ ಇರುವ ಲೆಕ್ಕ. ಎರಡೂ ಬೇರೆಯಾಗಿ ಕಂಡರೆ ಆಪ್‌ನದ್ದನ್ನೇ ನಂಬಬೇಕು.

ಅಜ್ಜಿಯದ್ದು ಗುಂಡಿ ಒತ್ತುವ ಸಣ್ಣ ಫೋನು. ನಾವು ನಮ್ಮ ಫೋನಿನಲ್ಲಿ ಕಂಪನಿಯ ಆಪ್ ಇಳಿಸಿಕೊಂಡು ಅವರ ನಂಬ್ರ ಕೊಟ್ಟೆವು. ಒ.ಟಿ.ಪಿ. ಅವರ ಫೋನಿಗೆ ಬಂತು. ಅದನ್ನು ನೋಡಿ ಒತ್ತಿದೊಡನೆ ಖಾತೆ ತೆರೆಯಿತು. ಬಾಕಿ 312 ರೂಪಾಯಿ, ಮುಂದಿನ ನವೀಕರಣ ನವೆಂಬರ್ 7 ಎಂದಿತ್ತು. ಅಜ್ಜಿಯ ದುಡ್ಡು ಎಲ್ಲಿಗೂ ಹೋಗಿರಲಿಲ್ಲ!

ಲೆಕ್ಕವನ್ನು ಬಿಡಿಸಿ ನೋಡೋಣ. ಅಜ್ಜಿಯ ಪ್ಯಾಕ್ ತೆರಿಗೆ ಸೇರಿ 300 ರೂಪಾಯಿಯದು. ಆ ಕಂಪನಿ ಇಡೀ ಮೊತ್ತವನ್ನು ಒಮ್ಮೆಗೇ ಮುರಿದುಕೊಂಡು 30 ದಿನ ಚಾನೆಲ್ ಕೊಡುತ್ತದೆ. 8ನೇ ತಾರೀಕು ಖಾತೆಯಲ್ಲಿ 12 ರೂಪಾಯಿ ಇತ್ತು. 300ಕ್ಕೆ ಅದು ಸಾಲದ್ದರಿಂದ ಚಿತ್ರ ನಿಂತಿತು. ಮೊಮ್ಮಗ 300 ಕಟ್ಟಿದಾಗ 312 ಆಯಿತು, ಒಡನೆ 300 ಕಡಿತವಾಗಿ ಪುನಃ 12 ಉಳಿಯಿತು. ಅದು ನವೆಂಬರ್ 6ರ ವರೆಗಿನ ಚಂದಾ. ಅಂಗಡಿಯಲ್ಲಿ ಕಟ್ಟಿದ 300 ಆ 12ರ ಜೊತೆ ಸೇರಿ 312 ಆಗಿ ಹಾಗೆಯೇ ಕುಳಿತಿತ್ತು. ನವೆಂಬರ್ 7ರಂದು ಅದು ಮುಂದಿನ 30 ದಿನಗಳಿಗೆ ಸಲ್ಲುತ್ತದೆ.

ಬೇರೆ ಕೆಲವು ಕಡೆ ಹಣವನ್ನು ದಿನವಹಿ ಕಡಿತ ಮಾಡುವ ಕ್ರಮವಿದೆ. ಅಲ್ಲಿ 300ರ ಪ್ಯಾಕಿಗೆ ದಿನಕ್ಕೆ ಸುಮಾರು 10 ರೂಪಾಯಿ. ಬಾಕಿ 42 ಎಂದಿದ್ದರೆ ಇನ್ನು ನಾಲ್ಕು ದಿನ ಎಂದು ಲೆಕ್ಕ. ಒಂದೇ ಸಲ ಕಡಿತವಾಗುವಲ್ಲಿ ಅದೇ 42 ರೂಪಾಯಿಗೆ ಒಂದು ದಿನವೂ ಸಿಗದು. ಆದುದರಿಂದ ಬಾಕಿ ಮೊತ್ತಕ್ಕಿಂತಲೂ ನವೀಕರಣದ ತಾರೀಕನ್ನು ನೋಡಿಕೊಳ್ಳುವುದು ಕ್ಷೇಮ. ತಿಂಗಳೆಂದರೆ 30 ದಿನವಾಗಿರುವಲ್ಲಿ ಆ ತಾರೀಕು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯುತ್ತದೆ ಎಂಬುದನ್ನೂ ಮರೆಯಬಾರದು.

ದುಡ್ಡು ಜಮೆಯಾಗಿದೆಯೆಂದು ಖಚಿತವಾದ ಮೇಲೆ ಉಳಿದದ್ದು ಆದೇಶವನ್ನು ಮತ್ತೊಮ್ಮೆ ತರಿಸುವ ಕೆಲಸ. ಮೊದಲು ಪೆಟ್ಟಿಗೆಯನ್ನು ಹಾಕಿ, ಯಾವುದಾದರೊಂದು ಚಾನೆಲ್ ಇಟ್ಟೆವು. ಅನಂತರ ಆಪ್‌ನಲ್ಲಿ Refresh ಎಂಬುದನ್ನು ಒತ್ತಿದೆವು. ಅಜ್ಜಿ ರಿಮೋಟಿಗೆ ಕೈ ಹಾಕುವುದರಲ್ಲಿದ್ದರು. "ಕಾಲು ಗಂಟೆ ಹಾಗೇ ಬಿಡಿ ಅಜ್ಜೀ" ಎಂದು ತಡೆದೆವು. ಅಷ್ಟು ಹೊತ್ತೂ ಬೇಕಾಗಲಿಲ್ಲ. ಅಜ್ಜಿ ಒಳಗಿನಿಂದ ಚಹಾ ತರುವಷ್ಟರಲ್ಲಿ ವಾರ್ತೆ ಕೇಳಿಸಿತು.

ಇಲ್ಲಿ ಇನ್ನೊಂದು ಗೊಂದಲವನ್ನು ನಿವಾರಿಸಬೇಕು. ಜೋರು ಮಳೆಗೆ ಟೀವಿ ನಿಲ್ಲುವುದು ನಮ್ಮ ಊರಿಗೆ ಹೊಸತಲ್ಲ. ಡಿ.ಟಿ.ಎಚ್. ತರಂಗಗಳನ್ನು ದಟ್ಟ ಮಳೆ ಹೀರಿಬಿಡುತ್ತದೆ. ಆಗ ಪರದೆಯಲ್ಲಿ ಬರುವುದು ಸಿಗ್ನಲ್ ಇಲ್ಲವೆಂಬ ಬರಹ. ರೀಚಾರ್ಜಿನ ಮಾತು ಅದರಲ್ಲಿರದು. ಇದಕ್ಕೆ ದುಡ್ಡು ಕಟ್ಟಿ ಪ್ರಯೋಜನವಿಲ್ಲ. ಮಳೆ ಬಿಟ್ಟು ಹತ್ತು ನಿಮಿಷವಾದರೂ ಬಾರದಿದ್ದರೆ ತಟ್ಟೆ ಗಾಳಿಗೆ ತಿರುಗಿದೆಯೋ, ತೋಟದ ಮರದ ಗೆಲ್ಲು ಅಡ್ಡ ಬೆಳೆದಿದೆಯೋ, ಕೇಬಲ್ ಸಡಿಲವಾಗಿದೆಯೋ ನೋಡಬೇಕು. ಸಿಗ್ನಲ್ ಸರಿಯಿದ್ದು ಲೆಕ್ಕ ಮುಗಿದಿದ್ದರೆ ಇಲ್ಲವೇ ಆದೇಶ ತಲುಪದಿದ್ದರೆ ರೀಚಾರ್ಜ್ ಮಾಡಿರೆಂಬ ಬರಹ ಬರುತ್ತದೆ. ಯಾವ ಬರಹವೆಂದು ತಿಳಿಯದಿದ್ದರೆ ಓದಬಲ್ಲ ಮಕ್ಕಳಿಂದ ಓದಿಸಿದ ಮೇಲೆಯೇ ಅಂಗಡಿಗೆ ಹೋಗಬಹುದು.

ಕಟ್ಟುವಾಗಲೂ ಎರಡು ಕಡೆ ಕಣ್ಣಿಡಬೇಕು. ಒಂದು, ನಂಬ್ರ. ಕೇಳಿದ್ದು ಚಂದಾದಾರರ ನಂಬ್ರವೋ ಕಾರ್ಡಿನ ನಂಬ್ರವೋ ನೋಡಿ ಒತ್ತಬೇಕು. ಒತ್ತಿದ ಮೇಲೆ ಕಾಣುವ ಹೆಸರು ನಮ್ಮದೇ ಎಂದು ತಿಳಿದ ಬಳಿಕವೇ ಹಣ ಕಳುಹಿಸಬೇಕು. ಬ್ಯಾಂಕಿನಲ್ಲಿ ಕಡಿತವಾಗಿ ಆಪ್‌ನ ಲೆಕ್ಕಕ್ಕೆ ಬಾರದಿದ್ದರೆ ಮತ್ತೆ ಕಟ್ಟದೆ, ವ್ಯವಹಾರದ ನಂಬ್ರವನ್ನು ಬರೆದಿಟ್ಟುಕೊಂಡು ಕಾಯಬೇಕು. ಕಂಪನಿಗೆ ದೂರು ಕೊಡಲು ಆ ನಂಬ್ರವೇ ಆಧಾರ.

ಇನ್ನೊಂದು, ಪ್ಯಾಕ್. ರೀಚಾರ್ಜ್ ಮಾಡುವುದು ಬೇರೆ, ಪ್ಯಾಕ್ ಬದಲಿಸುವುದು ಬೇರೆ. ಅಜ್ಜಿಯ ಆಪ್ ತೆರೆದಾಗ ಕಡಿಮೆ ಬೆಲೆಯ ಮಲಯಾಳಂ ಪ್ಯಾಕ್ ಒಂದನ್ನು ಅದು ತಾನಾಗಿಯೇ ಮುಂದಿಟ್ಟಿತ್ತು. ಅರಿಯದೆ ಒಪ್ಪಿದ್ದರೆ ಅವರು ದಿನವೂ ನೋಡುವ ಕನ್ನಡ ಚಾನೆಲುಗಳು ಹೋಗುತ್ತಿದ್ದವು. ಕೇರಳದ ವಿಳಾಸದಲ್ಲಿರುವ ನಾವು ಯಾವ ಬದಲಾವಣೆಗೂ ಒಪ್ಪುವ ಮುನ್ನ ಚಾನೆಲ್ ಪಟ್ಟಿಯಲ್ಲಿ ಕನ್ನಡದ್ದು ಎಷ್ಟಿವೆಯೆಂದು ನೋಡುವುದೊಳ್ಳೆಯದು.

ನಾವು ಹೊರಡುವಾಗ ಅಜ್ಜಿ ಗೋಡೆಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ ತಿಂಗಳನ್ನು ತೆಗೆಸಿದರು. ಎರಡು ಚಂದಾಗಳೂ ಸೇರಿ 6ನೇ ತಾರೀಕಿನ ವರೆಗೆ ಆಯಿತೆಂದು ಲೆಕ್ಕ ಹೇಳಿ 7ಕ್ಕೆ ಗುರುತು ಹಾಕಿಕೊಟ್ಟೆವು. "ಹಾಗಾದರೆ ಆ ದಿನ ದುಡ್ಡು ಕಟ್ಟಿ ಟೀವಿ ಆರಿಸಬಾರದು, ಅಲ್ಲವೇ ಮಾಷ್ಟ್ರೇ?" ಎಂದರು. ಪಾಠ ಸರಿಯಾಗಿಯೇ ತಲುಪಿತ್ತು.