ಬಿಲ್ ಬಂದಿದೆ, ಪುಟಗಳು ಖಾಲಿ

ಇಮೇಲ್‌ನಲ್ಲಿ ಬಂದ ಬಿಲ್ಲಿನ ಪಿಡಿಎಫ್ ತೆರೆದರೆ ಎರಡು ಬಿಳಿ ಹಾಳೆ. ಮೊಬೈಲಿನಲ್ಲೂ ಅದೇ, ಆಫೀಸಿನ ಕಂಪ್ಯೂಟರಿನಲ್ಲೂ ಅದೇ, ಪ್ರಿಂಟ್ ತೆಗೆದರೂ ಅದೇ. ಆಗ ಹೆಚ್ಚಿನವರು ಬರೆಯುವುದು ಒಂದೇ ಸಾಲು: "ಬಿಲ್ ಓಪನ್ ಆಗುತ್ತಿಲ್ಲ, ಇನ್ನೊಮ್ಮೆ ಕಳಿಸಿ." ಆ ಕಡೆಯವರು ಅದೇ ಮೇಲ್ ಫಾರ್ವರ್ಡ್ ಮಾಡುತ್ತಾರೆ. ಮತ್ತೆ ಬಿಳಿ ಹಾಳೆ. ಫೋನ್ ಮಾಡಿದರೆ "ನಮ್ಮಲ್ಲಿ ಚೆನ್ನಾಗೇ ಕಾಣ್ತಿದೆ ಸಾರ್, ನಿಮ್ಮ ಕಂಪ್ಯೂಟರ್ ತೋರಿಸಿ" ಎಂಬ ಉತ್ತರ. ಇಬ್ಬರೂ ಹೇಳುತ್ತಿರುವುದು ನಿಜವೇ. ಅವರು ನೋಡುತ್ತಿರುವುದು ತಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನೊಳಗಿನ ಬಿಲ್ಲನ್ನು, ನೀವು ನೋಡುತ್ತಿರುವುದು ಅಲ್ಲಿಂದ ಹೊರಟು ದಾರಿಯಲ್ಲಿ ಕೆಟ್ಟ ಪ್ರತಿಯನ್ನು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಒಂದು ಮುದ್ರಣಾಲಯ, ಅದರ ಯಂತ್ರ ರಿಪೇರಿ ಮಾಡಿದ ಬೆಂಗಳೂರಿನ ಒಂದು ಸಂಸ್ಥೆ. ಕೆಲಸಕ್ಕೆ 40,000 ರೂಪಾಯಿ, ಶೇ 18ರ ಜಿಎಸ್‌ಟಿ 7,200, ಒಟ್ಟು 47,200. ಸರಕಾದರೆ ಲಾರಿಯ ಜೊತೆ ಒಂದು ಕಾಗದದ ಬಿಲ್ಲಾದರೂ ಬರುತ್ತಿತ್ತು. ಇದು ಸೇವೆ, ಇರುವುದು ಇಮೇಲ್ ಒಂದೇ. ಬಂದ ಫೈಲಿನ ಗಾತ್ರ 212 ಕೆಬಿ, ಎರಡು ಪುಟ, ಎರಡೂ ಖಾಲಿ.

ಈ 212 ಕೆಬಿಯೇ ಮೊದಲ ಸುಳಿವು. ಬಿಲ್ಲಿನ ಮಾಹಿತಿ ತುಂಬುವ ಮೊದಲೇ ಸಾಫ್ಟ್‌ವೇರು ಪಿಡಿಎಫ್ ತಯಾರಿಸಿಬಿಟ್ಟಿದ್ದರೆ ಫೈಲು ಕೆಲವೇ ಕೆಬಿ ಇರುತ್ತದೆ, ಏಕೆಂದರೆ ಅದರೊಳಗೆ ಏನೂ ಇರುವುದಿಲ್ಲ. ಇಲ್ಲಿ ಹಾಗಲ್ಲ. ಒಳಗೆ ಬೇಕಾದಷ್ಟು ತುಂಬಿದೆ, ಆದರೆ ಓದಲು ಬರುತ್ತಿಲ್ಲ. ಫಾಂಟಿನ ತೊಂದರೆಯೂ ಇದಲ್ಲ, ಅದಾಗಿದ್ದರೆ ಒಂದು ಸಾಧನದಲ್ಲಿ ಕಾಣದ್ದು ಇನ್ನೊಂದರಲ್ಲಿ ಬಹುಮಟ್ಟಿಗೆ ಕಾಣುತ್ತಿತ್ತು.

ಪಿಡಿಎಫ್ ಫೈಲಿನೊಳಗೆ ಎರಡು ಬಗೆಯ ಬರಹ ಇರುತ್ತದೆ. "ಇಲ್ಲಿ ಎರಡು ಪುಟಗಳಿವೆ, ಪುಟದ ಅಳತೆ ಇಷ್ಟು" ಎನ್ನುವ ಚೌಕಟ್ಟಿನ ವಿವರ ಸಾಮಾನ್ಯವಾಗಿ ಸಾದಾ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಪುಟದ ಮೇಲೆ ಕಾಣಬೇಕಾದ ಅಕ್ಷರ, ಗೆರೆ, ಲೋಗೊಗಳನ್ನು ಮಾತ್ರ ಜಾಗ ಉಳಿಸಲೆಂದು ಒತ್ತಿ ಕಿರಿದಾಗಿಸಿ ಇಟ್ಟಿರುತ್ತಾರೆ. ಆ ಭಾಗ ಅಕ್ಷರಗಳಲ್ಲ, ಬರೀ ಸಂಖ್ಯೆಗಳ ಸರಣಿ. ಬಿಲ್ ಕಳಿಸುವ ಸಾಫ್ಟ್‌ವೇರು ಪಿಡಿಎಫ್ ಅನ್ನು ಇದ್ದ ಹಾಗೆ ಲಗತ್ತಿಸಬೇಕು. ಅದರ ಬದಲು ಇದೊಂದು ಪತ್ರ ಎಂದುಕೊಂಡು ಅಕ್ಷರ ಅಕ್ಷರವಾಗಿ ಓದಿ ಲಗತ್ತಿಸಿದರೆ ಕೆಡುಕು ಶುರು. ಯಾವ ಅಕ್ಷರಕ್ಕೂ ಹೊಂದದ ಸಂಖ್ಯೆ ಸಿಕ್ಕಾಗಲೆಲ್ಲ ಅದನ್ನು ತೆಗೆದು, ಅಲ್ಲಿ `EF BF BD` ಎಂಬ ಮೂರು ಬೈಟುಗಳ ಒಂದೇ ಗುರುತನ್ನು ಕೂರಿಸುತ್ತದೆ. ಚೌಕಟ್ಟಿನ ಸಾದಾ ಅಕ್ಷರಗಳಿಗೆ ಏನೂ ಆಗುವುದಿಲ್ಲ, ಆದ್ದರಿಂದ ಪುಟಗಳ ಲೆಕ್ಕ ಸರಿಯಾಗಿರುತ್ತದೆ. ಒತ್ತಿಟ್ಟ ಭಾಗ ಮಾತ್ರ ಬಿಚ್ಚಲಾಗದಷ್ಟು ಹಾಳಾಗಿರುತ್ತದೆ. ಒಂದು ಬೈಟಿನ ಜಾಗಕ್ಕೆ ಮೂರು ಬಂದು ಕೂತಿರುವುದರಿಂದ ಫೈಲು ದಪ್ಪವೂ ಆಗುತ್ತದೆ. ನಮ್ಮ ಉದಾಹರಣೆಯ ಮೂಲ ಫೈಲು 118 ಕೆಬಿಯದು.

ಹೀಗೆ ಕೆಟ್ಟ ಫೈಲನ್ನು ಯಾರೂ ರಿಪೇರಿ ಮಾಡಲಾರರು. ಬೇರೆ ಬೇರೆ ಸಂಖ್ಯೆಗಳೆಲ್ಲ ಒಂದೇ ಗುರುತಾಗಿ ಹೋದ ಮೇಲೆ ಯಾವುದರ ಜಾಗದಲ್ಲಿ ಯಾವುದಿತ್ತು ಎಂದು ತಿಳಿಯುವ ದಾರಿ ಇಲ್ಲ. ಪಿಡಿಎಫ್ ಸರಿಪಡಿಸಿ ಕೊಡುತ್ತೇವೆ ಎನ್ನುವ ಜಾಲತಾಣಗಳಿಗೆ ನಿಮ್ಮ ವ್ಯವಹಾರದ ಬಿಲ್ಲನ್ನು ಹಾಕಬೇಡಿ. ಫಲವೂ ಇಲ್ಲ, ದಾಖಲೆಯೊಂದು ಯಾರದೋ ಕೈಗೆ ಹೋದಂತೆಯೂ ಆಗುತ್ತದೆ. ಮೂಲದಿಂದ ಹೊಸ ಪ್ರತಿ ತೆಗೆದು ಬೇರೆ ದಾರಿಯಲ್ಲಿ ಕಳಿಸಬೇಕು, ಅದು ಬಿಲ್ ಕೊಟ್ಟವರಿಂದಲೇ ಆಗಬೇಕು.

ಸಂದೇಶ ಬರೆಯುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ತೆರೆಯಿರಿ, ಸೇವ್ ಮಾತ್ರ ಮಾಡಬೇಡಿ. ಮೊದಲ ಸಾಲು `%PDF` ಎಂದು ಆರಂಭವಾಗಿ, ಕೆಳಗೆ � ಎಂಬ ಒಂದೇ ಗುರುತು ಸಾಲುಸಾಲಾಗಿ ಕಂಡರೆ ಮೇಲೆ ಹೇಳಿದ ಕೆಡುಕೇ ಆಗಿರುವ ಸಂಭವ ಹೆಚ್ಚು. ಕೆಲವು ಸಾಫ್ಟ್‌ವೇರುಗಳು ಚೆನ್ನಾಗಿರುವ ಪಿಡಿಎಫ್‌ಗೂ ಈ ಗುರುತನ್ನೇ ತೋರಿಸುತ್ತವೆ. ಹಾಗಾಗಿ ಗಟ್ಟಿ ಪುರಾವೆ ಎಂದರೆ ಗಾತ್ರದ ಹೋಲಿಕೆ: ಅವರಲ್ಲಿರುವ ಫೈಲು ಎಷ್ಟು ಕೆಬಿ, ನಿಮಗೆ ತಲುಪಿದ್ದು ಎಷ್ಟು. ಮೇಲ್‌ನ ಪಟ್ಟಿಯಲ್ಲಿ ಕಾಣುವ ಗಾತ್ರ ಬೇಡ, ಅದು ಹೇಗೂ ಸ್ವಲ್ಪ ಹೆಚ್ಚಿರುತ್ತದೆ. ಇಳಿಸಿಕೊಂಡ ಫೈಲಿನದ್ದೇ ನೋಡಿ.

ಬಿಲ್ಲೇ ಖಾಲಿ ಇರುವಾಗ ಅದರ ನಂಬರು ಎಲ್ಲಿಂದ ತರುವುದು? ಫೈಲಿನ ಹೆಸರಿನಲ್ಲೋ ಮೇಲ್‌ನ ವಿಷಯದ ಸಾಲಿನಲ್ಲೋ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ರತಿ ತಿಂಗಳು 14ರಂದು ಬರುವ `GSTR-2B` ಪಟ್ಟಿ ನೋಡಿ. ಅವರು ತಮ್ಮ ರಿಟರ್ನ್ ಸಲ್ಲಿಸಿದ್ದರೆ ಅಲ್ಲಿ ನಂಬರು, ದಿನಾಂಕ, ಮೊತ್ತ ಇರುತ್ತವೆ. ಆದರೆ ಆ ಪಟ್ಟಿಯನ್ನೇ ಬಿಲ್ ಎಂದುಕೊಳ್ಳುವಂತಿಲ್ಲ. 2017ರ ಸಿಜಿಎಸ್‌ಟಿ ಕಾಯಿದೆಯ 16(2)ನೇ ಸೆಕ್ಷನ್ ಪ್ರಕಾರ 7,200 ರೂಪಾಯಿಯ ತೆರಿಗೆ ಜಮೆ ಪಡೆಯಲು ಬಿಲ್ ನಿಮ್ಮ ಬಳಿ ಇರಲೇಬೇಕು. ಬಿಳಿ ಹಾಳೆಯಲ್ಲಿ ಬಿಲ್ಲಿನ ಯಾವ ವಿವರವೂ ಇಲ್ಲವಲ್ಲ.

ಇಷ್ಟು ಕೈಯಲ್ಲಿದ್ದರೆ ಸಂದೇಶ ಹೀಗೆ ಬರೆಯಬಹುದು:

"ನಮಸ್ಕಾರ ಸಾರ್. ನೀವು ಕಳಿಸಿದ 0417 ನಂಬರಿನ ಬಿಲ್ (ಒಟ್ಟು 47,200 ರೂ.) ತಲುಪಿದೆ. ಫೈಲು ತೆರೆಯುತ್ತದೆ, ಎರಡು ಪುಟಗಳೂ ಇವೆ, ಆದರೆ ಎರಡೂ ಖಾಲಿ. ಎರಡು ಕಂಪ್ಯೂಟರ್, ಎರಡು ಮೊಬೈಲ್‌ಗಳಲ್ಲಿ ಬೇರೆ ಬೇರೆ ಸಾಫ್ಟ್‌ವೇರಿನಲ್ಲಿ ನೋಡಿದ್ದೇವೆ. ನಮಗೆ ಬಂದ ಫೈಲು 212 ಕೆಬಿ ಇದೆ. ನಿಮ್ಮಲ್ಲಿರುವ ಮೂಲ ಎಷ್ಟು ಕೆಬಿ ಇದೆ ನೋಡಿ ತಿಳಿಸಿ. ಬಿಲ್ಲಿಂಗ್ ಸಾಫ್ಟ್‌ವೇರಿನೊಳಗೆ ನೋಡದೆ, ನಿಮ್ಮ ಸೆಂಟ್ ಫೋಲ್ಡರಿನಲ್ಲಿರುವ ನಮ್ಮ ಮೇಲ್‌ನ ಲಗತ್ತನ್ನೇ ತೆರೆದು ನೋಡಿ. ಅಲ್ಲೂ ಖಾಲಿ ಇದ್ದರೆ ಕಳಿಸುವಾಗಲೇ ಕೆಟ್ಟಿದೆ ಎಂದರ್ಥ. ದಯವಿಟ್ಟು ಅದೇ ಮೇಲ್ ಫಾರ್ವರ್ಡ್ ಮಾಡಬೇಡಿ. ಬಿಲ್ಲನ್ನು ನಿಮ್ಮ ಕಂಪ್ಯೂಟರಿಗೆ ಸೇವ್ ಮಾಡಿ, ತೆರೆದು ನೋಡಿ, ನಿಮ್ಮ ಮೇಲ್‌ನಿಂದ ಕೈಯಾರೆ ಲಗತ್ತಿಸಿ ಕಳಿಸಿ. ಬಿಲ್ ನಂಬರು, ದಿನಾಂಕ ಮೊದಲಿನದ್ದೇ ಇರಲಿ, ಹೊಸ ಬಿಲ್ ಮಾಡಬೇಡಿ."

ಕೊನೆಯ ವಾಕ್ಯವನ್ನು ಬಿಡಬೇಡಿ. ಖಾಲಿ ಬಂತೆಂದು ಅವರ ಗುಮಾಸ್ತರು ಅವಸರದಲ್ಲಿ ಹೊಸ ನಂಬರಿನ ಬಿಲ್ ಮಾಡಿದರೆ ಒಂದೇ ಕೆಲಸಕ್ಕೆ ಎರಡು ಬಿಲ್ ರಿಟರ್ನ್‌ಗೆ ಹೋಗುತ್ತವೆ. ಒಂದನ್ನು ರದ್ದು ಮಾಡಲು ಕ್ರೆಡಿಟ್ ನೋಟ್ ಮಾಡಬೇಕು, ಇಬ್ಬರ ಲೆಕ್ಕಿಗರಿಗೂ ಕೆಲಸ ಹೆಚ್ಚುತ್ತದೆ. ಸೆಂಟ್ ಫೋಲ್ಡರಿನ ಮಾತೂ ಅಷ್ಟೇ ಮುಖ್ಯ. ಅಲ್ಲಿ ಬಿಳಿ ಹಾಳೆಯನ್ನು ಕಣ್ಣಾರೆ ಕಂಡವರು ನಿಮ್ಮ ಕಂಪ್ಯೂಟರನ್ನು ದೂರುವುದಿಲ್ಲ, ತಮ್ಮ ಸಾಫ್ಟ್‌ವೇರಿನವರಿಗೆ ಫೋನ್ ಮಾಡುತ್ತಾರೆ. ಅದೇ ದಾರಿಯಲ್ಲಿ ಬಿಲ್ ಹೋದ ಇತರ ಗ್ರಾಹಕರಿಗೂ ಅದರಿಂದ ಉಪಕಾರ. ಕೆಲವು ಮೇಲ್ ಸೇವೆಗಳ ಮೂಲಕ ಹೋದ ಬಿಲ್ಲುಗಳು ಸೆಂಟ್ ಫೋಲ್ಡರಿನಲ್ಲಿ ಉಳಿಯುವುದಿಲ್ಲ. ಆಗ ಅದೇ ಸಾಫ್ಟ್‌ವೇರಿನಿಂದ ತಮ್ಮದೇ ವಿಳಾಸಕ್ಕೆ ಒಂದು ಬಿಲ್ ಕಳಿಸಿಕೊಂಡು ನೋಡಲು ಹೇಳಿ.

ಬಿಲ್ ಕಾಣುತ್ತಿಲ್ಲವೆಂದು ಹಣದ ಗಡುವು ನಿಲ್ಲುತ್ತದೆ ಎಂದುಕೊಳ್ಳಬೇಡಿ. ರಿಪೇರಿ ಮಾಡಿದವರು ಕಿರು ಅಥವಾ ಸಣ್ಣ ಉದ್ದಿಮೆಯಾಗಿ ನೋಂದಾಯಿಸಿಕೊಂಡಿದ್ದರೆ, 2006ರ ಎಂಎಸ್‌ಎಂಇಡಿ ಕಾಯಿದೆಯಂತೆ ಗರಿಷ್ಠ 45 ದಿನದ ಲೆಕ್ಕ ಕೆಲಸವನ್ನು ನೀವು ಒಪ್ಪಿಕೊಂಡ ದಿನದಿಂದ ನಡೆಯುತ್ತದೆ, ಬಿಲ್ ಓದಿದ ದಿನದಿಂದಲ್ಲ. ಹಾಗಾಗಿ ಬಿಳಿ ಹಾಳೆ ಕಂಡ ದಿನವೇ ಬರೆಯಿರಿ. ಹೊಸ ಪ್ರತಿ ಬಂದ ಮೇಲೆ ನಂಬರು, ದಿನಾಂಕ, ಮೊತ್ತಗಳನ್ನು `GSTR-2B` ಜೊತೆ ತಾಳೆ ನೋಡಿ. ಅದರಲ್ಲಿನ ಬ್ಯಾಂಕ್ ಖಾತೆ ಹಿಂದಿನ ಬಿಲ್ಲುಗಳಿಗಿಂತ ಬೇರೆಯಾಗಿದ್ದರೆ, ಮೇಲ್‌ಗೆ ಉತ್ತರಿಸದೆ ನಿಮ್ಮಲ್ಲಿರುವ ಹಳೆಯ ಫೋನ್ ನಂಬರಿಗೆ ಕರೆ ಮಾಡಿ ಕೇಳಿಕೊಂಡೇ ಹಣ ಕಳಿಸಿ.