ಕ್ಲೌಡ್‌ನಲ್ಲಿ ದಾರಿ ಬೇರೆ, ಅಪ್ಪಣೆ ಬೇರೆ

ವರ್ಚುವಲ್ ಪ್ರೈವೇಟ್ ಕ್ಲೌಡ್, ಚಿಕ್ಕದಾಗಿ ವಿಪಿಸಿ, ಎಂದರೆ ಕ್ಲೌಡ್ ಕಂಪನಿಯ ಡೇಟಾ ಸೆಂಟರ್‌ಗಳಲ್ಲಿ ಒಬ್ಬ ಗ್ರಾಹಕನ ಹೆಸರಿಗೆ ಬೇರ್ಪಡಿಸಿ ಕೊಟ್ಟ ಜಾಲ. ಅಮೆಜಾನ್ 2006ರಲ್ಲಿ ಸರ್ವರ್‌ಗಳನ್ನು ಬಾಡಿಗೆಗೆ ಕೊಡಲು ಶುರುಮಾಡಿದಾಗ ಎಲ್ಲ ಗ್ರಾಹಕರ ಸರ್ವರ್‌ಗಳೂ ಒಂದೇ ದೊಡ್ಡ ಜಾಲದಲ್ಲಿ ಇರುತ್ತಿದ್ದವು. ಯಾವ ಸರ್ವರಿಗೆ ಯಾವ ವಿಳಾಸ ಸಿಗಬೇಕು, ಅದು ಯಾವ ದಾರಿಯಲ್ಲಿ ಹೊರಗೆ ಹೋಗಬೇಕು ಎಂಬುದು ಗ್ರಾಹಕನ ಕೈಯಲ್ಲಿ ಇರಲಿಲ್ಲ. 2009ರಲ್ಲಿ ಬಂದ ವಿಪಿಸಿ ಆ ಅಧಿಕಾರವನ್ನು ಅವನಿಗೆ ಕೊಟ್ಟಿತು. ಮೈಕ್ರೋಸಾಫ್ಟ್ ಮತ್ತು ಗೂಗಲ್ ಕ್ಲೌಡ್‌ಗಳಲ್ಲೂ ಇದೇ ಬಗೆಯ ಏರ್ಪಾಡಿದೆ, ಆದರೆ ವಿವರಗಳು ಬೇರೆ. ಇಲ್ಲಿನ ವಿವರಣೆ ಅಮೆಜಾನ್‌ನ ಪದ್ಧತಿಗೆ ಸೇರಿದ್ದು.

ಉದಾಹರಣೆಗೆ ಪುಸ್ತಕ ಮಾರುವ ಒಂದು ಸಣ್ಣ ಜಾಲತಾಣವನ್ನು ತೆಗೆದುಕೊಳ್ಳಬಹುದು. ಅದಕ್ಕೆ ಎರಡು ಸರ್ವರ್ ಸಾಕು. ಓದುಗರಿಗೆ ಪುಟಗಳನ್ನು ತೋರಿಸುವ ವೆಬ್ ಸರ್ವರ್ ಒಂದು, ದಾಸ್ತಾನು ಮತ್ತು ಗಿರಾಕಿಗಳ ವಿವರ ಇಟ್ಟುಕೊಳ್ಳುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರುವ ಸರ್ವರ್ ಇನ್ನೊಂದು. ಮೊದಲನೆಯದು ಯಾರು ಬೇಕಾದರೂ ತಲುಪುವಂತೆ ಇರಬೇಕು. ಎರಡನೆಯದನ್ನು ವೆಬ್ ಸರ್ವರ್ ಬಿಟ್ಟು ಬೇರೆ ಯಾರೂ ಮುಟ್ಟಬಾರದು. ಸಬ್‌ನೆಟ್, ರೂಟ್ ಟೇಬಲ್, ಸೆಕ್ಯುರಿಟಿ ಗ್ರೂಪ್ ಮೂರಕ್ಕೂ ಏನು ಕೆಲಸ ಎಂಬುದು ಇಷ್ಟರಲ್ಲೇ ಕಾಣಿಸುತ್ತದೆ.

ವಿಪಿಸಿ ಮಾಡುವಾಗ ಮೊದಲು ಕೇಳುವುದು ವಿಳಾಸಗಳ ವ್ಯಾಪ್ತಿಯನ್ನು. 10.0.0.0/16 ಎಂದು ಕೊಟ್ಟರೆ 10.0 ಎಂದು ಶುರುವಾಗುವ 65,536 ವಿಳಾಸಗಳು ಆ ಜಾಲಕ್ಕೆ ಸೇರುತ್ತವೆ. ಓರೆಗೆರೆಯ ನಂತರದ ಸಂಖ್ಯೆ ವಿಳಾಸದ ಎಷ್ಟು ಭಾಗ ಬದಲಾಗದೆ ನಿಲ್ಲುತ್ತದೆ ಎಂಬುದನ್ನು ಹೇಳುತ್ತದೆ. ಹಾಗಾಗಿ ಆ ಸಂಖ್ಯೆ ದೊಡ್ಡದಾದಷ್ಟೂ ವ್ಯಾಪ್ತಿ ಚಿಕ್ಕದು. 10ರಿಂದ ಶುರುವಾಗುವ ವಿಳಾಸಗಳು ಖಾಸಗಿ ಬಳಕೆಗೆಂದೇ ಮೀಸಲು. ಸಾರ್ವಜನಿಕ ಇಂಟರ್ನೆಟ್‌ನಲ್ಲಿ ಅವು ನಡೆಯುವುದಿಲ್ಲ, ಆದ್ದರಿಂದ ಇದೇ ವ್ಯಾಪ್ತಿಯನ್ನು ಜಗತ್ತಿನಲ್ಲಿ ಎಷ್ಟು ಜನ ಬಳಸಿದರೂ ತಕರಾರಿಲ್ಲ. ತೊಂದರೆ ಬರುವುದು ಮುಂದೊಂದು ದಿನ ಎರಡು ವಿಪಿಸಿಗಳನ್ನು ನೇರವಾಗಿ ಜೋಡಿಸಲು ಹೊರಟಾಗ. ಎರಡರಲ್ಲೂ ಒಂದೇ ವಿಳಾಸಗಳಿದ್ದರೆ ಜೋಡಣೆಗೆ ಅವಕಾಶವೇ ಇಲ್ಲ, ಮೊದಲು ಕೊಟ್ಟ ವ್ಯಾಪ್ತಿಯನ್ನು ಆಮೇಲೆ ತಿದ್ದಲೂ ಬರುವುದಿಲ್ಲ.

ಈ ದೊಡ್ಡ ವ್ಯಾಪ್ತಿಯ ಒಂದೊಂದು ತುಂಡೇ ಸಬ್‌ನೆಟ್. ಪುಸ್ತಕದಂಗಡಿಗೆ 10.0.1.0/24 ಮತ್ತು 10.0.2.0/24 ಎಂದು ಎರಡು ಸಬ್‌ನೆಟ್ ಮಾಡೋಣ. ಲೆಕ್ಕದ ಪ್ರಕಾರ ಒಂದೊಂದರಲ್ಲಿ 256 ವಿಳಾಸಗಳಿರಬೇಕು, ಆದರೆ ಬಳಕೆಗೆ ಸಿಗುವುದು 251. ಪ್ರತಿ ಸಬ್‌ನೆಟ್‌ನ ಮೊದಲ ನಾಲ್ಕು ಮತ್ತು ಕೊನೆಯ ಒಂದು ವಿಳಾಸವನ್ನು ಅಮೆಜಾನ್ ತನಗೇ ಇಟ್ಟುಕೊಳ್ಳುತ್ತದೆ. ಇನ್ನೊಂದು ಸಂಗತಿ ಸ್ಥಳಕ್ಕೆ ಸಂಬಂಧಿಸಿದ್ದು. ವಿಪಿಸಿ ಒಂದು ಪ್ರದೇಶಕ್ಕೆಲ್ಲ ಹರಡಿಕೊಂಡಿರುತ್ತದೆ, ಸಬ್‌ನೆಟ್ ಮಾತ್ರ ಆ ಪ್ರದೇಶದ ಒಂದೇ ಒಂದು ವಲಯದಲ್ಲಿ ಇರುತ್ತದೆ. ಮುಂಬೈ ಪ್ರದೇಶದಲ್ಲಿ ap-south-1a ಎಂಬಂಥ ಹೆಸರಿನ ಮೂರು ವಲಯಗಳಿವೆ, ಒಂದರಲ್ಲಿ ಕರೆಂಟು ಹೋದರೂ ಇನ್ನೊಂದು ನಡೆಯುವಂತೆ ಅವುಗಳನ್ನು ಪ್ರತ್ಯೇಕವಾಗಿ ಕಟ್ಟಿರುತ್ತಾರೆ. ಅಂಗಡಿ ದೊಡ್ಡದಾಗಿ ವೆಬ್ ಸರ್ವರ್‌ಗಳನ್ನು ಎರಡು ವಲಯಗಳಲ್ಲಿ ಇಡಬೇಕೆಂದರೆ ಅವಕ್ಕೆ ಎರಡು ಸಬ್‌ನೆಟ್ ಬೇಕೇ ಬೇಕು.

ಹೊಸಬರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕ್ಲೌಡ್‌ನ ಪಾಠಗಳಲ್ಲಿ ಪಬ್ಲಿಕ್ ಸಬ್‌ನೆಟ್, ಪ್ರೈವೇಟ್ ಸಬ್‌ನೆಟ್ ಎಂಬ ಹೆಸರುಗಳು ಪದೇ ಪದೇ ಬರುತ್ತವೆ. ಆದರೆ ಸಬ್‌ನೆಟ್ ಮಾಡುವಾಗ ಹಾಗೆ ಆರಿಸಿಕೊಳ್ಳುವ ಗುಂಡಿಯೇನೂ ಇಲ್ಲ. ಸಬ್‌ನೆಟ್‌ಗೆ ‘public-1’ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಪಬ್ಲಿಕ್ ಆಗುವುದೂ ಇಲ್ಲ. ಅದನ್ನು ತೀರ್ಮಾನಿಸುವುದು ಆ ಸಬ್‌ನೆಟ್‌ಗೆ ಯಾವ ರೂಟ್ ಟೇಬಲ್ ಜೋಡಿಸಿದ್ದಾರೆ ಎಂಬುದು.

ರೂಟ್ ಟೇಬಲ್ ಕೂಡುರಸ್ತೆಯಲ್ಲಿ ನಿಂತ ಕೈಕಂಬದ ಹಾಗೆ. ಇಂಥ ಊರಿಗೆ ಇತ್ತ ಹೋಗಬೇಕು ಎಂದು ತೋರಿಸುತ್ತದೆ, ಹೋಗುವವನು ಯಾರು ಎಂದು ವಿಚಾರಿಸುವುದಿಲ್ಲ. ವೆಬ್ ಸರ್ವರ್ ಇರುವ ಸಬ್‌ನೆಟ್‌ನ ಟೇಬಲ್‌ನಲ್ಲಿ ಎರಡೇ ಸಾಲು:

```
10.0.0.0/16    local
0.0.0.0/0      igw-0a1b2c3d
```

ಮೊದಲ ಸಾಲು ವಿಪಿಸಿಯ ಜೊತೆಗೇ ಹುಟ್ಟುತ್ತದೆ, ಅಳಿಸಲು ಬರುವುದಿಲ್ಲ. 10.0 ಎಂದು ಶುರುವಾಗುವ ಯಾವ ವಿಳಾಸಕ್ಕೆ ಹೊರಟ ಪ್ಯಾಕೆಟ್ಟಾದರೂ ಜಾಲದೊಳಗೇ ನೇರವಾಗಿ ಹೋಗಲಿ ಎಂಬುದು ಅದರ ಅರ್ಥ. ಎರಡನೇ ಸಾಲಿನ 0.0.0.0/0 ಎಂದರೆ ಎಲ್ಲ ವಿಳಾಸಗಳೂ ಸೇರಿದವು. ಅವನ್ನೆಲ್ಲ ಇಂಟರ್ನೆಟ್ ಗೇಟ್‌ವೇಗೆ ಕಳಿಸು ಎಂದು ಅದು ಹೇಳುತ್ತದೆ. 10.0.2.35 ಎಂಬ ವಿಳಾಸ ಎರಡೂ ಸಾಲಿಗೆ ಹೊಂದುತ್ತದಲ್ಲ, ಆಗ ಗೆಲ್ಲುವುದು ಹೆಚ್ಚು ನಿರ್ದಿಷ್ಟವಾದ ಸಾಲು. /16 ಎಂಬುದು /0ಗಿಂತ ನಿರ್ದಿಷ್ಟವಾದ್ದರಿಂದ ಪ್ಯಾಕೆಟ್ ಒಳಗೇ ಉಳಿಯುತ್ತದೆ. ಸಾಲುಗಳು ಯಾವ ಕ್ರಮದಲ್ಲಿವೆ ಎಂಬುದಕ್ಕೆ ಬೆಲೆಯಿಲ್ಲ.

ಆ ಎರಡನೇ ಸಾಲು ಇದ್ದರೆ ಪಬ್ಲಿಕ್ ಸಬ್‌ನೆಟ್, ಇಲ್ಲದಿದ್ದರೆ ಪ್ರೈವೇಟ್. ವ್ಯತ್ಯಾಸ ಅಷ್ಟೇ. ಪಬ್ಲಿಕ್ ಸಬ್‌ನೆಟ್‌ನಲ್ಲಿದ್ದರೂ ಸರ್ವರಿಗೆ ಒಂದು ಸಾರ್ವಜನಿಕ ಐಪಿ ವಿಳಾಸ ಬೇರೆ ಬೇಕು, ಏಕೆಂದರೆ 10.0.1.20 ಎಂಬ ವಿಳಾಸಕ್ಕೆ ಹೊರಗಿನವರು ಏನನ್ನೂ ಕಳಿಸಲಾರರು. ಈ ಸಾರ್ವಜನಿಕ ವಿಳಾಸ ಸರ್ವರ್‌ನ ಒಳಗೆ ಹುಡುಕಿದರೆ ಕಾಣುವುದಿಲ್ಲ. ಗೇಟ್‌ವೇ ದಾಟುವಾಗ ಎರಡು ವಿಳಾಸಗಳೂ ಅದಲುಬದಲಾಗುತ್ತವೆ.

ಡೇಟಾಬೇಸ್ ಇರುವ ಸಬ್‌ನೆಟ್‌ನ ಟೇಬಲ್‌ನಲ್ಲಿ ಗೇಟ್‌ವೇಯ ಸಾಲು ಇರುವುದಿಲ್ಲ. ಆದರೆ ಆ ಸರ್ವರಿಗೂ ಆಗಾಗ ಸಾಫ್ಟ್‌ವೇರ್ ಅಪ್‌ಡೇಟ್ ಇಳಿಸಿಕೊಳ್ಳಬೇಕಾಗುತ್ತದೆ. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನವರು ತಾವಾಗಿ ಒಳಗೆ ಬರುವಂತಿಲ್ಲ ಎಂಬ ಏರ್ಪಾಡು ಬೇಕಾದಾಗ ನ್ಯಾಟ್ ಗೇಟ್‌ವೇ ಬಳಸುತ್ತಾರೆ. 0.0.0.0/0 ಸಾಲನ್ನು ಅದರ ಕಡೆಗೆ ತಿರುಗಿಸಿದರೆ ಅದು ಡೇಟಾಬೇಸಿನ ಪರವಾಗಿ ತನ್ನ ವಿಳಾಸದಿಂದ ಹೊರಗೆ ಕೇಳಿ, ಬಂದ ಉತ್ತರವನ್ನು ತಂದುಕೊಡುತ್ತದೆ. ಸಬ್‌ನೆಟ್‌ನಲ್ಲಿ ಇಡುವ ಬಗೆಯ ನ್ಯಾಟ್ ಗೇಟ್‌ವೇ ಇರಬೇಕಾದದ್ದು ಪಬ್ಲಿಕ್ ಸಬ್‌ನೆಟ್‌ನಲ್ಲಿ. ಅದನ್ನೇ ಪ್ರೈವೇಟ್ ಸಬ್‌ನೆಟ್‌ನಲ್ಲಿ ಕೂರಿಸಿ, ಯಾಕೆ ನಡೆಯುತ್ತಿಲ್ಲ ಎಂದು ತಲೆಕೆಡಿಸಿಕೊಳ್ಳುವವರು ಬಹಳ. ಅದಕ್ಕೇ ಹೊರದಾರಿ ಇಲ್ಲದ ಮೇಲೆ ಬೇರೆಯವರನ್ನು ಎಲ್ಲಿಗೆ ಕರೆದೊಯ್ದೀತು? ಜೊತೆಗೆ ಗಂಟೆಗಿಷ್ಟು, ಹಾದುಹೋದ ಡೇಟಾಕ್ಕಿಷ್ಟು ಎಂದು ಬಾಡಿಗೆಯೂ ಬೀಳುತ್ತದೆ. ಕಲಿಯಲೆಂದು ಮಾಡಿ ಮರೆತುಬಿಟ್ಟರೆ ತಿಂಗಳ ಬಿಲ್ಲು ನೆನಪಿಸುತ್ತದೆ.

ಪ್ರೈವೇಟ್ ಸಬ್‌ನೆಟ್‌ನಲ್ಲಿ ಇಟ್ಟ ಮೇಲೆ ಡೇಟಾಬೇಸ್ ಸುರಕ್ಷಿತವಾಯಿತು ಎಂದು ಅನೇಕರು ನಿರಾಳರಾಗುತ್ತಾರೆ. ಇಂಟರ್ನೆಟ್ಟಿನ ಮಟ್ಟಿಗೆ ಅದು ಸರಿ. ಆದರೆ ಟೇಬಲ್‌ನ ಮೊದಲ ಸಾಲನ್ನು ಇನ್ನೊಮ್ಮೆ ನೋಡಬೇಕು. ವಿಪಿಸಿಯೊಳಗಿನ ಎಲ್ಲ ಸಬ್‌ನೆಟ್‌ಗಳಿಗೂ ಪರಸ್ಪರ ದಾರಿ ತೆರೆದೇ ಇದೆ. ನಾಳೆ ಅದೇ ವಿಪಿಸಿಯಲ್ಲಿ ಪರೀಕ್ಷೆಗೆಂದು ಮೂರನೇ ಸರ್ವರ್ ಇಟ್ಟು, ಅದಕ್ಕೆ ಯಾರಾದರೂ ನುಗ್ಗಿದರೆ ಅಲ್ಲಿಂದ ಡೇಟಾಬೇಸಿನವರೆಗೆ ದಾರಿ ಸಲೀಸು. ಅದನ್ನು ತಡೆಯುವುದು ರೂಟ್ ಟೇಬಲ್‌ನ ಕೆಲಸವಲ್ಲ, ಸೆಕ್ಯುರಿಟಿ ಗ್ರೂಪಿನದು.

ಸೆಕ್ಯುರಿಟಿ ಗ್ರೂಪ್ ಎಂದರೆ ಅನುಮತಿಗಳ ಪಟ್ಟಿ. ಅದನ್ನು ಸಬ್‌ನೆಟ್‌ಗೆ ಹಾಕುವುದಿಲ್ಲ, ಒಂದೊಂದು ಸರ್ವರ್‌ನ ನೆಟ್‌ವರ್ಕ್ ಕಾರ್ಡಿಗೆ ಹಾಕುತ್ತಾರೆ. ಹೀಗಾಗಿ ಒಂದೇ ಸಬ್‌ನೆಟ್‌ನಲ್ಲಿ ಅಕ್ಕಪಕ್ಕ ಇರುವ ಎರಡು ಸರ್ವರ್‌ಗಳ ನಡುವೆಯೂ ತಡೆ ಹಾಕಬಹುದು. ಹೊಸದಾಗಿ ಮಾಡಿದ ಗ್ರೂಪಿನಲ್ಲಿ ಒಳಬರಲು ಯಾರಿಗೂ ಅನುಮತಿ ಇರುವುದಿಲ್ಲ, ಹೊರಹೋಗಲು ಎಲ್ಲದಕ್ಕೂ ಇರುತ್ತದೆ. ಪಟ್ಟಿಯಲ್ಲಿ ‘ಬಿಡು’ ಎಂದು ಮಾತ್ರ ಬರೆಯಬಹುದು, ‘ಬಿಡಬೇಡ’ ಎಂದು ಬರೆಯಲು ಜಾಗವಿಲ್ಲ. ಕಾಟ ಕೊಡುವ ಒಂದು ವಿಳಾಸವನ್ನಷ್ಟೇ ಹೊರಗಿಡಬೇಕಾದರೆ ನೆಟ್‌ವರ್ಕ್ ಎಸಿಎಲ್ ಎಂಬ, ಸಬ್‌ನೆಟ್ ಮಟ್ಟದ ಬೇರೆ ಸಾಧನವನ್ನು ಹಿಡಿಯಬೇಕು.

ಪುಸ್ತಕದಂಗಡಿಗೆ ಎರಡು ಗ್ರೂಪ್ ಬೇಕು. `web-sg` ಎಂಬುದರಲ್ಲಿ 443ನೇ ಪೋರ್ಟಿಗೆ 0.0.0.0/0, ಅಂದರೆ ಎಲ್ಲರಿಗೂ ಪ್ರವೇಶ. ಬ್ರೌಸರ್‌ಗಳು ಸುರಕ್ಷಿತ ಪುಟಗಳನ್ನು ಕೇಳುವುದು ಈ ಪೋರ್ಟಿನಲ್ಲಿ. `db-sg` ಎಂಬುದರಲ್ಲಿ ಪೋಸ್ಟ್‌ಗ್ರೆಸ್‌ನ 5432ನೇ ಪೋರ್ಟಿಗೆ ಅನುಮತಿ, ಆದರೆ ಯಾರಿಂದ ಎಂಬ ಜಾಗದಲ್ಲಿ ವಿಳಾಸದ ಬದಲು `web-sg` ಎಂದೇ ಬರೆಯುತ್ತಾರೆ. ಇಡೀ ಏರ್ಪಾಡಿನಲ್ಲಿ ಹೆಚ್ಚು ಜಾಣತನದ ಭಾಗ ಇದು. ಹಬ್ಬದ ರಿಯಾಯಿತಿಗೆ ಗಿರಾಕಿಗಳು ಮುಗಿಬಿದ್ದು ವೆಬ್ ಸರ್ವರ್ ಒಂದಿದ್ದದ್ದು ಐದಾದರೂ, ಪ್ರತಿಯೊಂದಕ್ಕೂ ಹೊಸ ವಿಳಾಸ ಬಂದರೂ ಅನುಮತಿಯ ಸಾಲನ್ನು ತಿದ್ದಬೇಕಿಲ್ಲ. ಆ ಗ್ರೂಪ್ ಹಾಕಿಕೊಂಡ ಯಾವ ಸರ್ವರಿಗಾದರೂ ಅದು ಅನ್ವಯಿಸುತ್ತದೆ. ಪರೀಕ್ಷೆಯ ಸರ್ವರಿಗೆ `web-sg` ಇಲ್ಲ, ಹಾಗಾಗಿ ಅದಕ್ಕೆ ಡೇಟಾಬೇಸಿಗೆ ದಾರಿ ಇದ್ದರೂ ಪ್ರವೇಶವಿಲ್ಲ.

ಈಗ ಒಬ್ಬ ಓದುಗರು ಧಾರವಾಡದಲ್ಲಿ ಕೂತು ಪುಸ್ತಕವೊಂದನ್ನು ಹುಡುಕಿದರು ಎನ್ನೋಣ. ಅವರ ಕೋರಿಕೆ ಇಂಟರ್ನೆಟ್ ಗೇಟ್‌ವೇಗೆ ಬಂದು, ಅಲ್ಲಿ ವಿಳಾಸ ಬದಲಾಗಿ 10.0.1.20ರ ಬಾಗಿಲಿಗೆ ತಲುಪುತ್ತದೆ. 443ಕ್ಕೆ ಅನುಮತಿ ಇರುವುದರಿಂದ ಒಳಗೆ ಹೋಗುತ್ತದೆ. ವೆಬ್ ಸರ್ವರ್ ಆ ಪುಸ್ತಕದ ವಿವರಕ್ಕಾಗಿ 10.0.2.35ನ್ನು ಕೇಳುತ್ತದೆ, ಇದಕ್ಕೆ ದಾರಿ `local` ಸಾಲಿನದು, ಅನುಮತಿ `db-sg`ಯದು. ಡೇಟಾಬೇಸಿನ ಉತ್ತರ ವಾಪಸು ಬರಲು ಬೇರೆ ಅನುಮತಿ ಬೇಕಿಲ್ಲ, ಏಕೆಂದರೆ ಒಳಗೆ ಬಿಟ್ಟ ಸಂಪರ್ಕವನ್ನು ಸೆಕ್ಯುರಿಟಿ ಗ್ರೂಪ್ ನೆನಪಿಟ್ಟುಕೊಂಡು ಅದರ ಉತ್ತರವನ್ನು ತಾನಾಗಿಯೇ ಬಿಡುತ್ತದೆ. ನೆಟ್‌ವರ್ಕ್ ಎಸಿಎಲ್‌ಗೆ ಈ ನೆನಪಿಲ್ಲ, ಅಲ್ಲಿ ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ಸಾಲು ಬರೆಯಬೇಕು. ರೂಟ್ ಟೇಬಲ್‌ಗೂ ನೆನಪಿಲ್ಲ. ವೆಬ್ ಸರ್ವರ್‌ನ ಉತ್ತರ ಓದುಗರಿಗೆ ತಲುಪಬೇಕಾದರೆ 0.0.0.0/0 ಸಾಲು ಇರಲೇಬೇಕು.

ಕೆಟ್ಟಾಗ ಕಾಣಿಸುವ ಲಕ್ಷಣ ಎರಡು ಬಗೆಯದು. ಬಹಳ ಹೊತ್ತು ಸುತ್ತಿ ಕೊನೆಗೆ `Connection timed out` ಎಂದು ಬಂದರೆ ಎಲ್ಲೋ ಪ್ಯಾಕೆಟ್ ಸದ್ದಿಲ್ಲದೆ ಬಿದ್ದುಹೋಗಿದೆ. ಸೆಕ್ಯುರಿಟಿ ಗ್ರೂಪ್ ತಾನು ತಡೆದದ್ದನ್ನು ಕಳಿಸಿದವರಿಗೆ ತಿಳಿಸುವುದಿಲ್ಲ, ದಾರಿ ಸಿಗದ ಉತ್ತರವೂ ಹೇಳದೆ ಕೇಳದೆ ಮಾಯವಾಗುತ್ತದೆ. ತಕ್ಷಣವೇ `Connection refused` ಎಂದು ಬಂದರೆ ದಾರಿ, ಅನುಮತಿ ಎರಡೂ ಸಾಮಾನ್ಯವಾಗಿ ಸರಿಯಿವೆ ಎಂದರ್ಥ. ಪ್ಯಾಕೆಟ್ ಸರ್ವರ್ ಮುಟ್ಟಿದೆ, ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವ ತಂತ್ರಾಂಶ ಮಾತ್ರ ಓಡುತ್ತಿಲ್ಲ. ಇದನ್ನು ತಿಳಿಯದೆ `refused` ಕಂಡಾಗಲೂ ಸೆಕ್ಯುರಿಟಿ ಗ್ರೂಪಿನಲ್ಲಿ ಎಲ್ಲ ಪೋರ್ಟ್‌ಗಳನ್ನೂ ಎಲ್ಲರಿಗೂ ತೆರೆದು ನೋಡುವ ಅಭ್ಯಾಸ ಒಳ್ಳೆಯದಲ್ಲ. ಸಮಸ್ಯೆ ಹಾಗೇ ಉಳಿಯುತ್ತದೆ, ತೆರೆದ ಬಾಗಿಲೂ ಉಳಿಯುತ್ತದೆ.

`timed out` ಬಂದಾಗ ಮೊದಲು ನೋಡಬೇಕಾದದ್ದು ಆ ಸಬ್‌ನೆಟ್‌ಗೆ ಯಾವ ಟೇಬಲ್ ಜೋಡಿಸಿದೆ ಎಂಬುದನ್ನು. ಹೊಸ ಟೇಬಲ್ ಮಾಡಿ, ಗೇಟ್‌ವೇಯ ಸಾಲನ್ನೂ ಬರೆದು, ಸಬ್‌ನೆಟ್‌ಗೆ ಜೋಡಿಸುವುದನ್ನೇ ಮರೆಯುವುದು ಸಾಮಾನ್ಯ. ಆಗ ಸಬ್‌ನೆಟ್ ವಿಪಿಸಿಯ ಮುಖ್ಯ ಟೇಬಲನ್ನೇ ಪಾಲಿಸುತ್ತಿರುತ್ತದೆ. ಅದು ಸರಿಯಿದ್ದರೆ ಸಾರ್ವಜನಿಕ ವಿಳಾಸ, ಆಮೇಲೆ ಸೆಕ್ಯುರಿಟಿ ಗ್ರೂಪ್. ಊಹೆಗೆ ಬದಲು ಸಾಕ್ಷ್ಯ ಬೇಕಾದರೆ ವಿಪಿಸಿ ಫ್ಲೋ ಲಾಗ್ ಎಂಬ ದಾಖಲೆಯನ್ನು ಚಾಲೂ ಮಾಡಬಹುದು. ಯಾವ ವಿಳಾಸದಿಂದ ಯಾವ ಪೋರ್ಟಿಗೆ ಬಂದದ್ದು, ಅದನ್ನು ಬಿಟ್ಟರೋ ತಡೆದರೋ ಎಂಬುದು ಅದರಲ್ಲಿ `ACCEPT` ಅಥವಾ `REJECT` ಎಂದು ನಮೂದಾಗುತ್ತದೆ. `REJECT` ಕಂಡರೆ ದೋಷ ಸಾಮಾನ್ಯವಾಗಿ ಸೆಕ್ಯುರಿಟಿ ಗ್ರೂಪಿನಲ್ಲೋ ಎಸಿಎಲ್‌ನಲ್ಲೋ ಇರುತ್ತದೆ. ಆದರೆ ಫ್ಲೋ ಲಾಗ್ ಪ್ಯಾಕೆಟ್‌ನ ಒಳಗೆ ಏನಿತ್ತು ಎಂದು ಬರೆಯುವುದಿಲ್ಲ, ಸೆಕ್ಯುರಿಟಿ ಗ್ರೂಪ್ ಕೂಡ ಅದನ್ನು ತೆರೆದು ನೋಡುವುದಿಲ್ಲ. 443ರಲ್ಲಿ ಬಂದ ಕೋರಿಕೆಯೊಳಗೆ ಡೇಟಾಬೇಸನ್ನು ಕದಿಯುವ ಆದೇಶ ಅಡಗಿದ್ದರೂ ಅದು ಈ ಎಲ್ಲ ಹಂತಗಳನ್ನು ನಿಯಮದ ಪ್ರಕಾರವೇ ದಾಟುತ್ತದೆ. ಅದನ್ನು ಹಿಡಿಯಬೇಕಾದದ್ದು ಜಾಲತಾಣದ ಪ್ರೋಗ್ರಾಂ, ಇಲ್ಲವೇ ಅದರ ಮುಂದೆ ಇಟ್ಟ ವೆಬ್ ಫೈರ್‌ವಾಲ್.