ಅವ್ವನ ಪೆಟ್ಟಿಗೆಯಲ್ಲಿ ರೊಟ್ಟಿ, ಅತ್ತೆಯ ಪೆಟ್ಟಿಗೆಯಲ್ಲಿ ಕಾಫಿಪುಡಿ

ಪರದೇಶದಲ್ಲಿ ನೆಲೆಸಿದ ಕನ್ನಡದ ಮಕ್ಕಳು ಊರ ನೆನಪಿಗೆ ಫೋನಿನಲ್ಲಿ ಹಂಚಿಕೊಳ್ಳುವ ನಗೆಚಿತ್ರಗಳನ್ನು ತಾವೂ ನೋಡಿರಬಹುದು. ಮೀಮ್ ಎಂದು ಅವಕ್ಕೆ ಹೆಸರು. ನಮ್ಮ ಮಲೆನಾಡಿನವರ ಮೀಮುಗಳಲ್ಲಿ ನೊರೆಗಾಫಿ ತಪ್ಪದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯವರದು ಚಹಾದ ನಾಡು. ಅವರ ಮೀಮಿನ ನಾಯಕ ಜೋಳದ ರೊಟ್ಟಿ.

ಅದರಲ್ಲೂ ಮತ್ತೆ ಮತ್ತೆ ಬರುವುದು ಮಗನನ್ನು ನೋಡಲು ಹೊರಟ ಅವ್ವನ ಪೆಟ್ಟಿಗೆ. ಅಮೆರಿಕದ ವಿಮಾನಗಳಲ್ಲಿ ಸಾಮಾನ್ಯವಾಗಿ ಪೆಟ್ಟಿಗೆಯೊಂದಕ್ಕೆ 23 ಕಿಲೋ ಮಿತಿ. ತೂಕ ಮೀರಿದರೆ ಹೊರಬೀಳುವುದು ಇಳಕಲ್ ಸೀರೆ; ಶೇಂಗಾ ಚಟ್ನಿ, ಅಮೀನಗಡದ ಕರದಂಟು, ಖಡಕ್ ರೊಟ್ಟಿ ಅಲುಗುವುದಿಲ್ಲ. "ಸೀರಿ ಬಿಟ್ಟು ಬಂದೇನಪಾ, ರೊಟ್ಟಿ ಬಿಟ್ಟಿಲ್ಲ" ಎನ್ನುತ್ತಾಳೆ ಚಿತ್ರದ ಅವ್ವ.

ರೊಟ್ಟಿ ಅಷ್ಟು ದೂರ ಕೆಡದೆ ಹೋಗುವುದು ಅದರಲ್ಲಿ ಎಣ್ಣೆಯೂ ನೀರಿನ ಪಸೆಯೂ ಇಲ್ಲದ್ದರಿಂದ. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಗರಿಗರಿಯಾಗುವತನಕ ಒಣಗಿಸುತ್ತಾರೆ. ಬಿಸಿಯಾಗಿರುವಾಗಲೇ ಕಟ್ಟಿದರೆ ಒಳಗೆ ಬೆವರಿ ಮೆತ್ತಗಾಗುತ್ತದೆ, ಕೆಲವೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಒಣಗಿಸಿದ್ದು ಸರಿಯಾಗಿದ್ದರೆ ಮುರಿದಾಗ ಚಟ್ಟೆಂದು ಸದ್ದು ಬರಬೇಕು. ಬಾಗಿದರೆ ಪಸೆ ಉಳಿದಿದೆ ಎಂದೇ ಲೆಕ್ಕ. ದಾರಿಯಲ್ಲಿ ಪುಡಿಯಾಗುವ ಭಯ ಇದ್ದೇ ಇದೆ. ಅದಕ್ಕೂ ಮೀಮ್ ಉಂಟು: "ರೊಟ್ಟಿ ಹೊಂಟಿತ್ತು, ಮುಟಗಿ ಬಂದು ಮುಟ್ಟಿತು."

ಅಲ್ಲೇ ಬಡಿದುಕೊಳ್ಳಬಾರದೇಕೆ ಎಂದರೆ, ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿನೀರು ಹಾಕಿ ನಾದಿದಾಗಲೇ ಹಿಟ್ಟು ಒಂದುಗೂಡುವುದು. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತ ಹಿಟ್ಟಿಗೆ ಜಿಗಿ ಹೋಗಿರುತ್ತದೆ, ಕಹಿಯೂ ಬಂದಿರುತ್ತದೆ. ರೊಟ್ಟಿಯ ಅಂಚು ಸೀಳಿ ಭೂಪಟದಂತಾಗುತ್ತದೆ. ಯಾವ ದೇಶದ ನಕ್ಷೆ ಎಂದು ಹೇಳಿ ಎಂಬ ಮೀಮ್ ಹುಟ್ಟಿದ್ದು ಹೀಗೆ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆ ನೆರೆದಾಗ ಇಂಥವು ಇನ್ನೂ ಹೆಚ್ಚುತ್ತವೆ. ಗುಡಿಯ ಬಳಿ ಹೆಂಗಸರು ಬುಟ್ಟಿಯಲ್ಲಿ ತಂದು ಮಾರುವ ರೊಟ್ಟಿ, ಪಲ್ಯ, ಗಟ್ಟಿ ಮೊಸರು ಉಂಡವರಿಗೆ ಅದೇಕೆಂದು ಹೇಳಬೇಕಾಗಿಲ್ಲ.

ನಮ್ಮ ಬಳಗದ ಹುಡುಗಿಯೊಬ್ಬಳನ್ನು ಹುನಗುಂದದ ಕಡೆಗೆ ಕೊಟ್ಟಿದೆ; ದಂಪತಿಗಳಿರುವುದು ಅಮೆರಿಕದಲ್ಲಿ. ಹುಡುಗನ ಅವ್ವ ರೊಟ್ಟಿ ಒಯ್ದರೆ, ಅತ್ತೆ ಕಾಫಿಪುಡಿ ಒಯ್ಯುತ್ತಾರೆ. ರೊಟ್ಟಿ ಗೆದ್ದಿತು, ಪುಡಿ ಸೋತಿತು. ಎರಡು ಕಿಲೋ ಪುಡಿಯನ್ನು ಒಂದೇ ಚೀಲದಲ್ಲಿ ಒಯ್ದು ದಿನವೂ ಬಾಯಿ ಬಿಚ್ಚಿದ್ದರಿಂದ ತಿಂಗಳೊಳಗೆ ಘಮ ಹಾರಿತ್ತು. ಅಳಿಯ ಅದನ್ನು ಕಾಗದದ ಸೋಸುಕದ ಯಂತ್ರಕ್ಕೆ ಹಾಕಿದ. ನುಣ್ಣನೆಯ ಪುಡಿಯೂ ಚಿಕೋರಿಯೂ ಸೇರಿ ಸೋಸುಕ ಕಟ್ಟಿಕೊಂಡು ನೀರು ಮೇಲೆ ನಿಂತಿತು. "ಡಿಕಾಕ್ಷನ್ ಇಳಿಯೋದ್ರಾಗ ನಾನs ಊರಿಗೆ ಇಳದಿರ್ತೇನಿ" ಎಂದು ಅವನೇ ಮೀಮ್ ಮಾಡಿ ಅತ್ತೆಗೆ ಕಳಿಸಿದ.

ಮುಂದಿನ ಸಲ ಅತ್ತೆ ಒಯ್ದದ್ದು ಹಿತ್ತಾಳೆ ಫಿಲ್ಟರು, ಕಾಲು ಕಿಲೋದ ಬಿಗಿ ಪೊಟ್ಟಣಗಳು. ಒಂದು ಮುಗಿದ ಮೇಲೆ ಇನ್ನೊಂದನ್ನು ಒಡೆಯುತ್ತಾರೆ. ಅಳಿಯ ಬೆಳಿಗ್ಗೆ ಈಗ ಕಾಫಿಯನ್ನೇ ಕುಡಿಯುತ್ತಾನಂತೆ. ಸಂಜೆಗೆ ಮಾತ್ರ ಚಹಾ ಬೇಕೇ ಬೇಕು.